ನೀರಿಲ್ಲದ ಬಾಡಿಗೆ ಮನೆ, ಲಾಕ್-ಇನ್ ಮುಗಿಯೋ ಮುಂಚೆ ಖಾಲಿ ಮಾಡಿದ ಒಂದು ಪ್ರಕರಣ

ನನ್ನ ತಂಗಿ ಮನೆಯವರು 2023ರ ನವೆಂಬರ್ 1ಕ್ಕೆ ಬೆಂಗಳೂರಿನ ಹೊರಮಾವು ಕಡೆ ಒಂದು ಟೂ ಬಿಎಚ್‌ಕೆ ಮನೆ ಬಾಡಿಗೆಗೆ ಹಿಡಿದ್ರು. ಬಾಡಿಗೆ 22,000, ಮೇಂಟೆನೆನ್ಸ್ 1,500, ಅಡ್ವಾನ್ಸ್ ಒಂದೂವರೆ ಲಕ್ಷ. ಎಲ್ಲರೂ ಮಾಡ್ಕೊಳ್ಳೋ ಹಾಗೆ 11 ತಿಂಗಳ ಅಗ್ರಿಮೆಂಟು, ಅದ್ರಲ್ಲಿ 6 ತಿಂಗಳು ಲಾಕ್-ಇನ್, ಅಂದ್ರೆ 2024ರ ಏಪ್ರಿಲ್ 30ರ ತನಕ ಬಿಡೋ ಹಾಗಿಲ್ಲ, ಆಮೇಲೆ ಬಿಡೋದಾದ್ರೂ 2 ತಿಂಗಳು ಮುಂಚೆ ಹೇಳ್ಬೇಕು, ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಕಟ್. ಸೈನ್ ಹಾಕೋವಾಗ ಇದನ್ನೆಲ್ಲ ಯಾರೂ ಕೂತು ಓದಲ್ಲ, ಇವರೂ ಓದಿರ್ಲಿಲ್ಲ. ಕೊನೆಗೆ ಅವರು ಮಾರ್ಚ್ 31ಕ್ಕೇ ಬಿಟ್ಟು ಬಂದ್ರು, ಅಡ್ವಾನ್ಸಲ್ಲಿ 1,17,000 ವಾಪಸ್ ಬಂತು. ಓನರ್ ಮೊದಲು ಕೊಡ್ತೀನಿ ಅಂದಿದ್ದು 84,000. ಈ 33,000 ವ್ಯತ್ಯಾಸ ಎಲ್ಲಿಂದ ಬಂತು ಅನ್ನೋದನ್ನ ಬರೀತಾ ಇದೀನಿ, ಯಾಕಂದ್ರೆ ಕೋರ್ಟೂ ಇಲ್ಲ, ಲಾಯರ್ ನೋಟೀಸೂ ಇಲ್ಲ, ಬರೀ ಒಂದು ಪತ್ರ, ಮತ್ತೆ ಆ ಪತ್ರದ ಹಿಂದೆ ಇದ್ದ ಹಳೇ ಮೆಸೇಜ್‌ಗಳು.

ಆ ಬಿಲ್ಡಿಂಗಲ್ಲಿ ಆರು ಮನೆ, ಒಟ್ಟು 22 ಜನ. ಕಾವೇರಿ ಕನೆಕ್ಷನ್ ಇಲ್ಲ. ಆ ಭಾಗ 2007ರಲ್ಲಿ ಬಿಬಿಎಂಪಿಗೆ ಸೇರಿದ್ದು, ಅಲ್ಲಿನ ಹಳ್ಳಿಗಳಿಗೆ ನೀರು ಕೊಡೋ ಕಾವೇರಿ 5ನೇ ಹಂತ ಉದ್ಘಾಟನೆ ಆಗಿದ್ದೇ 2024ರ ಅಕ್ಟೋಬರ್ 16ಕ್ಕೆ, ಹಾಗಾಗಿ ಇವರಿದ್ದಾಗ ಪೂರ್ತಿ ಬೋರು, ಬೋರು ಕೈ ಕೊಟ್ರೆ ಟ್ಯಾಂಕರ್. ನವೆಂಬರ್, ಡಿಸೆಂಬರ್ ಏನೂ ತೊಂದ್ರೆ ಇರ್ಲಿಲ್ಲ. ಸಂಕ್ರಾಂತಿ ಮುಗಿದ ವಾರ ಬೆಳಿಗ್ಗೆ ನಲ್ಲಿ ಸಣ್ಣ ಆಯ್ತು. ಮೋಟರ್ ಆನ್ ಮಾಡ್ತಿದ್ದವರು ಗ್ರೌಂಡ್ ಫ್ಲೋರಿನವರು, ಅವರು ಹೇಳಿದ್ದು, ಬೋರ್ ಮೋಟರ್ 20 ನಿಮಿಷ ಓಡುತ್ತೆ, ಆಮೇಲೆ ಗಾಳಿ ಎಳೆಯುತ್ತೆ, ಒಂದೂವರೆ ಗಂಟೆ ಬಿಟ್ಟು ಮತ್ತೆ ಹಾಕ್ಬೇಕು ಅಂತ. ಬೋರಿನ ಬಗ್ಗೆ ಗೊತ್ತಿರೋರಿಗೆ ಇದು ಅರ್ಥ ಆಗುತ್ತೆ, ಮೋಟರ್ ಕೆಟ್ಟಿಲ್ಲ, ಒಳಗೆ ನೀರು ಸೇರೋ ಸ್ಪೀಡ್ ಕಮ್ಮಿ ಆಗಿದೆ, ಮೆಕ್ಯಾನಿಕ್ ಬಂದ್ರೂ ಪ್ರಯೋಜನ ಇಲ್ಲ.

ತಂಗಿ ಜನವರಿ 18ಕ್ಕೆ ಓನರ್‌ಗೆ ಮೊದಲ ವಾಟ್ಸಾಪ್ ಹಾಕಿದ್ಲು. "ಅಂಕಲ್ ನೀರು ಸ್ವಲ್ಪ ಪ್ರಾಬ್ಲಂ ಆಗ್ತಿದೆ, ನೋಡಿ ಪ್ಲೀಸ್." ನೀಲಿ ಟಿಕ್ ಬಂತು, ಉತ್ತರ ಇಲ್ಲ. ಆಮೇಲೆ ಇನ್ನೂ ಮೂರು ಮೆಸೇಜು ಇದೇ ಥರ, "ಅಂಕಲ್ ಇವತ್ತೂ ನೀರಿಲ್ಲ", "ಅಂಕಲ್ ಪ್ಲೀಸ್". ಫೆಬ್ರವರಿ 3ಕ್ಕೆ ನಂಗೆ ಫೋನ್ ಮಾಡಿ ಅಕ್ಕಾ ಏನ್ ಮಾಡ್ಲಿ ಅಂತ ಅತ್ತಳು, ಮನೇಲಿ ಒಂದೂವರೆ ವರ್ಷದ ಮಗು, ಬಟ್ಟೆ ಒಗೆಯೋಕೇ ನೀರಿಲ್ಲ. ಆ ಮೆಸೇಜ್‌ಗಳನ್ನ ನಾನು ನೋಡಿದೆ. ಓನರ್ ಉತ್ತರ ಕೊಡದೆ ಇದ್ದದ್ದು ತಪ್ಪೇ, ಆದ್ರೆ ಆ ಮೆಸೇಜಲ್ಲಿ ಉತ್ತರ ಕೊಡೋಕೆ ಏನೂ ಇರ್ಲಿಲ್ಲ ಅನ್ನೋದೂ ನಿಜ. ಎಷ್ಟು ದಿನದಿಂದ, ಎಷ್ಟು ನೀರು, ಏನು ಮಾಡ್ಬೇಕು, ಯಾವಾಗೊಳಗೆ, ಒಂದೂ ಇಲ್ಲ. ಮುಂದೆ ಯಾವತ್ತಾದ್ರೂ ಇದನ್ನ ಮೂರನೆಯವರಿಗೆ ತೋರಿಸಿದ್ರೆ ಅವರು "ಸ್ವಲ್ಪ ಪ್ರಾಬ್ಲಂ ಅಂದಿದಾರೆ ಅಷ್ಟೇ" ಅಂತಾರೆ.

ಆವತ್ತಿಂದ ಎರಡು ಕೆಲಸ ಶುರು ಮಾಡಿದ್ವಿ. ಅಡುಗೆಮನೇಲಿ ನೇತಾಕಿದ್ದ ಕ್ಯಾಲೆಂಡರಲ್ಲಿ ದಿನಾ ನೀರು ಬಂದ ಟೈಮು, ನಿಂತ ಟೈಮು ಪೆನ್ನಲ್ಲಿ ಬರೆಯೋದು. ಮತ್ತೆ ವಾರಕ್ಕೊಂದ್ಸಲ ಅದೇ ಬಾತ್‌ರೂಮ್ ನಲ್ಲಿ ಕೆಳಗೆ ಅದೇ 10 ಲೀಟರ್ ಬಕೆಟ್ ಇಟ್ಟು ತುಂಬೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಮೊಬೈಲಲ್ಲಿ ವಿಡಿಯೋ ಮಾಡೋದು. ಮೊದಲನೇ ವಿಡಿಯೋದಲ್ಲಿ 1 ನಿಮಿಷ 50 ಸೆಕೆಂಡು, ಫೆಬ್ರವರಿ ಕೊನೇಲಿ ನಾಲ್ಕು ನಿಮಿಷದ ಮೇಲೆ, ಬಕೆಟ್ ತಳದಲ್ಲಿ ಕಂದು ಬಣ್ಣದ ಸಣ್ಣ ಮರಳು ಕೂತಿರೋದು ಚೆನ್ನಾಗಿ ಕಾಣ್ಸುತ್ತೆ. ಫೆಬ್ರವರಿಯ 29 ದಿನದಲ್ಲಿ 17 ದಿನ ಒಂದು ಗಂಟೆಗಿಂತ ಕಮ್ಮಿ ನೀರು ಬಂದಿದೆ ಅಂತ ಕ್ಯಾಲೆಂಡರ್ ಎಣಿಸಿದಾಗ ಗೊತ್ತಾಯ್ತು, ಅಲ್ಲೀ ತನಕ ನಾವು ಬಾಯಲ್ಲಿ "ದಿನಾ ನೀರಿಲ್ಲ" ಅಂತಿದ್ವಿ, ಅದೂ ಸರಿಯಲ್ಲ, 17 ದಿನ ಅನ್ನೋದು ಸರಿ.

ಫೆಬ್ರವರಿ 11, 20 ಮತ್ತೆ ಮಾರ್ಚ್ 2ಕ್ಕೆ ಹಾಕಿದ ಮೆಸೇಜ್‌ಗಳು ಬೇರೆ ಥರ ಇದ್ವು. 20ರದ್ದು ಇಲ್ಲಿ ಹಾಕ್ತೀನಿ:

"ಅಂಕಲ್ ನಮಸ್ತೆ. ಫೆ. 12ರಿಂದ ಇವತ್ತಿನ ತನಕ 9 ದಿನದಲ್ಲಿ 6 ದಿನ ಒಂದು ಗಂಟೆಗಿಂತ ಕಮ್ಮಿ ನೀರು ಬಂದಿದೆ. ನೀವು ಕಳಿಸ್ತಿರೋ ವಾರಕ್ಕೆ ಒಂದು ಟ್ಯಾಂಕರ್ ಆರು ಮನೆಗೆ ಸಾಕಾಗ್ತಿಲ್ಲ. ವಾರಕ್ಕೆ ಮೂರು ಟ್ಯಾಂಕರ್ ಹಾಕ್ಸಿ ಅಥವಾ ಬೇರೆ ವ್ಯವಸ್ಥೆ ಏನು ಅಂತ ಫೆ. 25ರೊಳಗೆ ತಿಳಿಸಿ. 11ನೇ ತಾರೀಖಿನ ಮೆಸೇಜಿಗೂ ಉತ್ತರ ಬಂದಿಲ್ಲ."

ಇದಕ್ಕೂ ನೀಲಿ ಟಿಕ್, ಉತ್ತರ ಇಲ್ಲ. ಆದ್ರೆ ಈ ಸಲ ಮೌನಕ್ಕೂ ಒಂದು ತೂಕ ಬಂತು. ತಾರೀಖು ಹೇಳಿ ಕೇಳಿದ್ದಕ್ಕೆ ಆ ತಾರೀಖು ದಾಟೋ ತನಕ ಸುಮ್ಮನಿದ್ರು ಅಂತ ಯಾರು ಓದಿದ್ರೂ ಗೊತ್ತಾಗುತ್ತೆ.

ವಾರಕ್ಕೆ ಒಂದು ಟ್ಯಾಂಕರ್ ಯಾಕೆ ಸಾಕಾಗಲ್ಲ ಅನ್ನೋ ಲೆಕ್ಕ ಸುಲಭ, ಆದ್ರೆ ಅದನ್ನ ಯಾರೂ ಮಾಡಿರ್ಲಿಲ್ಲ. ಅದು 6,000 ಲೀಟರ್ ಟ್ಯಾಂಕರ್. 22 ಜನ, 7 ದಿನ, ಒಬ್ಬರಿಗೆ ದಿನಕ್ಕೆ ಸುಮಾರು 39 ಲೀಟರ್. ದೊಡ್ಡ ಊರುಗಳಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಅಂತ ಸರ್ಕಾರಿ ಲೆಕ್ಕ ಇದೆ, ಅದರಲ್ಲಿ ಕಾಲು ಭಾಗದ ಮೇಲೆ ಸ್ವಲ್ಪ. ಬೋರಿಂದ ಬರೋ ಚೂರುಪಾರು ಸೇರಿದ್ರೂ ಸ್ನಾನ, ಪಾತ್ರೆ, ಟಾಯ್ಲೆಟ್ ಮೂರರಲ್ಲಿ ಒಂದನ್ನ ಬಿಡ್ಲೇಬೇಕು. ಫೆಬ್ರವರೀಲಿ ಬಾಡಿಗೆಯವರೇ ದುಡ್ಡು ಸೇರಿಸಿ ನಾಲ್ಕು ಟ್ಯಾಂಕರ್ ಎಕ್ಸ್‌ಟ್ರಾ ತರಿಸಿದ್ರು, ಒಂದಕ್ಕೆ 1,500, ಮನೆಗೆ ತಲಾ ಸಾವಿರ. ಜಿಲ್ಲಾಡಳಿತ ಟ್ಯಾಂಕರ್‌ಗೆ ರೇಟ್ ಫಿಕ್ಸ್ ಮಾಡಿದ್ದು ಮಾರ್ಚ್ ಮೊದಲ ವಾರದಲ್ಲಿ, 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ ಮತ್ತೆ ಜಿಎಸ್‌ಟಿ. ರೇಟೇನೋ ಬಂತು, ಆ ರೇಟಿಗೆ ಟ್ಯಾಂಕರ್ ಮಾತ್ರ ಇವರಿಗೆ ಸಿಗ್ಲಿಲ್ಲ.

ಈಗ ಅಗ್ರಿಮೆಂಟ್ ವಿಷ್ಯಕ್ಕೆ ಬರೋಣ, ಯಾಕಂದ್ರೆ ಜನ ಎಡವೋದು ಇಲ್ಲೇ. ನೀರಿಲ್ಲ ಅಂದ್ರೆ ಲಾಕ್-ಇನ್ ತಾನಾಗೇ ಬಿದ್ದೋಗುತ್ತೆ ಅಂತ ತುಂಬ ಜನ ನಂಬಿದಾರೆ. ಕಾನೂನು ಅಷ್ಟು ಸಲೀಸಾಗಿ ಬಾಡಿಗೆಯವರ ಕಡೆ ಇಲ್ಲ. ಬೆಂಗಳೂರಲ್ಲಿ ಈ ಮಟ್ಟದ ಬಾಡಿಗೆಗೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ವಯಿಸಲ್ಲ, ಅದು ತೀರ ಕಮ್ಮಿ ಬಾಡಿಗೆ ಮನೆಗಳಿಗೆ ಮಾತ್ರ, ಮಿಕ್ಕಿದ್ದೆಲ್ಲ 1882ರ ಆಸ್ತಿ ವರ್ಗಾವಣೆ ಕಾಯ್ದೆ ಮತ್ತೆ ನಿಮ್ಮ ಅಗ್ರಿಮೆಂಟ್ ಮೇಲೆ ನಡೆಯುತ್ತೆ. "ಪರಿಸ್ಥಿತಿ ಬದಲಾಗಿ ಒಪ್ಪಂದ ನಡೆಸೋಕೇ ಆಗ್ತಿಲ್ಲ, ಹಾಗಾಗಿ ಅದು ರದ್ದು" ಅನ್ನೋ ಕರಾರು ಕಾಯ್ದೆಯ ಸೆಕ್ಷನ್ 56, ಒಮ್ಮೆ ಬಾಡಿಗೆಗೆ ಕೊಟ್ಟಾದ ಮೇಲೆ ನಡೆಯಲ್ಲ ಅಂತ ಸುಪ್ರೀಂ ಕೋರ್ಟು 1968ರಲ್ಲೇ ಹೇಳಿದೆ. ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108ರಲ್ಲಿ, ಓನರ್ ಮಾಡಲೇಬೇಕಾದ ರಿಪೇರಿಯನ್ನ ತಿಳಿಸಿದ ಮೇಲೂ ಮಾಡದಿದ್ರೆ ಬಾಡಿಗೆಯವರು ಮಾಡಿಸಿ ಬಾಡಿಗೇಲಿ ಹಿಡ್ಕೊಬಹುದು ಅಂತ ಇದೆ, ಆದ್ರೆ ಬೋರ್ ಬತ್ತಿದ್ದು ರಿಪೇರಿನಾ ಅಂತ ಓನರ್ ಕೇಳಿದ್ರೆ ಅದು ವಾದಕ್ಕೆ ಬಿದ್ದ ವಿಷ್ಯ. ಹಾಗಾಗಿ "ಕಾನೂನು ಪ್ರಕಾರ ನಂಗೆ ಹಕ್ಕಿದೆ" ಅಂತ ಪತ್ರ ಶುರು ಮಾಡೋದು ಬೇಡ ಅಂತ ನಾನು ಗಟ್ಟಿಯಾಗಿ ಹೇಳಿದೆ.

ಇವರಿಗೆ ನಿಜವಾಗ್ಲೂ ಕೈ ಹಿಡಿದಿದ್ದು ಅಗ್ರಿಮೆಂಟಿನ ಕೊನೇ ಪುಟ. ಅಲ್ಲಿ ಷೆಡ್ಯೂಲ್ ಅಂತ ಇರುತ್ತಲ್ಲ, ಮನೆಯ ವಿವರ, ಎರಡು ಬೆಡ್‌ರೂಮು, ಹಾಲು, ಅಡುಗೆಮನೆ, "ನೀರು ಮತ್ತು ವಿದ್ಯುತ್ ಸೌಲಭ್ಯದೊಂದಿಗೆ" ಅಂತ. ಟೈಪಿಂಗ್ ಅಂಗಡೀಲಿ ಎಲ್ಲ ಅಗ್ರಿಮೆಂಟಿಗೂ ಹಾಕೋ ಸಾಲು ಅದು, ಯಾರೂ ಗಮನಿಸಲ್ಲ, ಆದ್ರೆ ಓನರ್ ಬಾಡಿಗೆಗೆ ಕೊಟ್ಟಿದ್ದು ನೀರಿರೋ ಮನೆ ಅಂತ ಅವರ ಸೈನೇ ಹೇಳುತ್ತೆ. ಇನ್ನೊಂದು, ಮೇಂಟೆನೆನ್ಸ್ 1,500 ಅನ್ನೋ ಕಡೆ "ನೀರು ಸೇರಿ" ಅಂತ ಕೈಯಲ್ಲಿ ಬರೆದಿತ್ತು. ಮಾರ್ಚ್ ಸೇರಿ ಐದು ತಿಂಗಳು ಆ ದುಡ್ಡು ತಗೊಂಡಿದಾರೆ. ಪತ್ರ ನಿಂತಿದ್ದು ಈ ಎರಡು ಸಾಲಿನ ಮೇಲೆ.

ತಂಗಿ ಗಂಡ ಮಾರ್ಚ್ ಬಾಡಿಗೆ ಕೊಡೋದು ಬೇಡ, ಅಡ್ವಾನ್ಸಲ್ಲಿ ಹಿಡ್ಕೊಳ್ಳಿ ಅನ್ನೋಣ ಅಂದ. ಒಂದೂವರೆ ಲಕ್ಷ ಅವರ ಕೈಲಿದೆ, ವಾಪಸ್ ಬರುತ್ತೋ ಇಲ್ವೋ ಅನ್ನೋ ಭಯ, ಅದು ನಂಗೂ ಅರ್ಥ ಆಗುತ್ತೆ, ಬೆಂಗಳೂರಲ್ಲಿ ಎಷ್ಟೋ ಜನ ಹಾಗೇ ಮಾಡ್ತಾರೆ. ಆದ್ರೆ ಹಾಗೆ ಮಾಡಿದ ದಿನದಿಂದ ವಿಷ್ಯ ನೀರಿಂದ ಬಾಡಿಗೆಗೆ ತಿರುಗಿಬಿಡುತ್ತೆ, ಎರಡು ತಿಂಗಳಿಂದ ಉತ್ತರ ಕೊಡದ ಓನರ್ ಪಕ್ಕಕ್ಕೆ ಹೋಗಿ ಬಾಡಿಗೆ ಬಾಕಿ ಇಟ್ಟ ಟೆನೆಂಟ್ ಮುಂದೆ ಬರ್ತಾನೆ. ಮಾರ್ಚ್ 5ಕ್ಕೆ ಬಾಡಿಗೆ, ಮೇಂಟೆನೆನ್ಸ್ ಎರಡೂ ಟ್ರಾನ್ಸ್‌ಫರ್ ಮಾಡ್ಸಿದೆ, ರಿಮಾರ್ಕ್ಸಲ್ಲಿ "ಮಾರ್ಚ್ ಬಾಡಿಗೆ" ಅಂತ ಹಾಕ್ಸಿ.

ಶಿವರಾತ್ರಿ ಮಾರನೇ ದಿನ, ಮಾರ್ಚ್ 9, ಕೂತು ಪತ್ರ ಬರೆದ್ವಿ. ಮೊದಲ ಡ್ರಾಫ್ಟ್ ಮೂರು ಪುಟ ಇತ್ತು, ಮಗು ಹುಷಾರು ತಪ್ಪಿದ್ದು, ಅತ್ತೆ ಬಂದಾಗ ಮರ್ಯಾದೆ ಹೋಗಿದ್ದು ಎಲ್ಲ. ನಿಜವೇ, ನೋವೇ, ಆದ್ರೆ ಓನರ್ ಹೌದು ಅನ್ನೋಕೆ ಅದ್ಯಾವ್ದೂ ಬೇಕಾಗಿಲ್ಲ. ಕಡೆಗೆ ಉಳಿದಿದ್ದು ಇಷ್ಟು:

"ಮಾನ್ಯರೇ,

1-11-2023ರ ಬಾಡಿಗೆ ಕರಾರಿನಂತೆ ನಾವು ನಿಮ್ಮ ಎರಡನೇ ಮಹಡಿಯ ಮನೆಯಲ್ಲಿ ಇದ್ದೇವೆ. ಮಾರ್ಚ್ ತಿಂಗಳವರೆಗಿನ ಬಾಡಿಗೆ, ಮೇಂಟೆನೆನ್ಸ್ ಪೂರ್ತಿ ಕೊಟ್ಟಿದ್ದೇವೆ. ಕರಾರಿನ ಷೆಡ್ಯೂಲಿನಲ್ಲಿ ನೀರಿನ ಸೌಲಭ್ಯ ಇದೆ ಎಂದಿದೆ, ಮೇಂಟೆನೆನ್ಸಿನಲ್ಲಿ ನೀರು ಸೇರಿದೆ.

ಜನವರಿ ಮೂರನೇ ವಾರದಿಂದ ನೀರು ಸರಿಯಾಗಿ ಬರುತ್ತಿಲ್ಲ. ಫೆಬ್ರವರಿಯಲ್ಲಿ 17 ದಿನ ಒಂದು ಗಂಟೆಗಿಂತ ಕಡಿಮೆ ಬಂದಿದೆ. ಈ ಬಗ್ಗೆ ಜ. 18, ಫೆ. 11, ಫೆ. 20, ಮಾ. 2ರಂದು ವಾಟ್ಸಾಪ್ ಮೂಲಕ ತಿಳಿಸಿದ್ದೇವೆ. ಯಾವುದಕ್ಕೂ ಉತ್ತರ ಬಂದಿಲ್ಲ. ಆ ಮೆಸೇಜ್‌ಗಳ ಪ್ರಿಂಟ್ ಮತ್ತು ದಿನದ ಪಟ್ಟಿ ಜೊತೆಗಿದೆ.

ಬೋರ್ ಬತ್ತಿರುವುದು ನಿಮ್ಮ ತಪ್ಪು ಎಂದು ನಾವು ಹೇಳುತ್ತಿಲ್ಲ. ಆದರೆ ಚಿಕ್ಕ ಮಗುವಿನೊಂದಿಗೆ ಈ ಮನೆಯಲ್ಲಿ ಮುಂದುವರಿಯಲು ಸಾಧ್ಯವಿಲ್ಲ. ಲಾಕ್-ಇನ್ ಏಪ್ರಿಲ್ 30ರವರೆಗೆ ಇರುವುದು ನಮಗೆ ಗೊತ್ತಿದೆ. ಇಬ್ಬರೂ ಒಪ್ಪಿ 31-3-2024ಕ್ಕೆ ಕರಾರು ಮುಗಿಸಬೇಕೆಂದು ಕೇಳಿಕೊಳ್ಳುತ್ತೇವೆ.

ಆ ದಿನ ಬೆಳಿಗ್ಗೆ 11ಕ್ಕೆ ಮನೆ ಖಾಲಿ ಮಾಡಿ, ಗುಡಿಸಿ, ಮೂರು ಸೆಟ್ ಕೀ ನಿಮ್ಮ ಕೈಗೆ ಕೊಡುತ್ತೇವೆ. ಇಬ್ಬರೂ ಸೇರಿ ಮನೆ ನೋಡಿ, ಫಿಟ್ಟಿಂಗ್ಸ್ ಪಟ್ಟಿಗೆ ಸಹಿ ಹಾಕೋಣ. ಕರೆಂಟ್ ಬಿಲ್ ಆ ದಿನದ ಮೀಟರ್ ರೀಡಿಂಗ್‌ವರೆಗೆ ನಾವೇ ಕಟ್ಟುತ್ತೇವೆ. ಅಲ್ಲಿಯವರೆಗೆ ಪ್ರತಿ ಶನಿವಾರ, ಭಾನುವಾರ ಬೆಳಿಗ್ಗೆ 10ರಿಂದ 1ರವರೆಗೆ ಮನೆ ತೋರಿಸಬಹುದು. ಕರಾರಿನಂತೆ ಪೇಂಟಿಂಗ್‌ಗೆ 22,000 ಕಳೆದು ಉಳಿದ 1,28,000 ಕೀ ಕೊಡುವ ದಿನ ವಾಪಸ್ ಮಾಡಬೇಕೆಂದು ಕೋರುತ್ತೇವೆ. ಇದರಲ್ಲಿ ಏನಾದರೂ ಬದಲಾವಣೆ ಬೇಕಿದ್ದರೆ ಮಾರ್ಚ್ 17ರೊಳಗೆ ತಿಳಿಸಿ, ಕೂತು ಮಾತಾಡೋಣ."

ಲಾಕ್-ಇನ್ ಇರೋದನ್ನ ನಾವೇ ಯಾಕೆ ನೆನಪಿಸ್ಬೇಕು ಅಂತ ತಂಗಿ ಗಂಡ ಜಗಳಕ್ಕೇ ಬಂದ. ಅವರಿಗೆ ಗೊತ್ತೇ ಇದೆ, ಮುಚ್ಚಿಟ್ರೆ ಅದನ್ನೇ ಹಿಡ್ಕೊತಾರೆ, ಹೇಳಿಬಿಟ್ರೆ ಮಾತು ಮುಂದೆ ಹೋಗುತ್ತೆ. ಇನ್ನೊಂದು ಸಾಲು ಡ್ರಾಫ್ಟಲ್ಲಿತ್ತು, "ಬೇರೆ ಬಾಡಿಗೆಯವರನ್ನ ನಾವೇ ಹುಡುಕಿಕೊಡ್ತೀವಿ" ಅಂತ. ಸಾಮಾನ್ಯವಾಗಿ ಲಾಕ್-ಇನ್ ಮುರಿಯೋವಾಗ ಇದು ಒಳ್ಳೇ ಆಫರ್, ಆದ್ರೆ ಇಲ್ಲಿ ಅದನ್ನ ಹೊಡೆದು ಹಾಕ್ಸಿದೆ. ಹೊಸಬರನ್ನ ತರ್ಬೇಕು ಅಂದ್ರೆ ನೀರಿನ ವಿಷ್ಯ ಮುಚ್ಚಿಡ್ಬೇಕು, ನಮ್ಮ ಹುಡುಗಿ ಪಟ್ಟ ಪಾಡನ್ನ ಇನ್ನೊಬ್ಬರ ಮನೆ ಹುಡುಗಿಗೆ ದಾಟಿಸಿ ಬರೋದು ನಂಗೆ ಸಾಧ್ಯ ಇರ್ಲಿಲ್ಲ. ಮನೆ ತೋರಿಸ್ತೀವಿ ಅಂತ ಮಾತ್ರ ಉಳಿಸಿದ್ವಿ. ಆಮೇಲಿನ ಭಾನುವಾರ ಒಬ್ಬ ಹುಡುಗಿ ಅವಳ ಅಮ್ಮನ ಜೊತೆ ನೋಡೋಕೆ ಬಂದ್ಲು, ನೀರು ಹೆಂಗೆ ಅಂತ ಕೇಳಿದ್ಲು, ತಂಗಿ ಏನೂ ಹೇಳದೆ ಕ್ಯಾಲೆಂಡರ್ ತೋರಿಸಿದ್ಲು. ಆ ತಾಯಿ ತುಂಬ ಹೊತ್ತು ಅದನ್ನೇ ನೋಡ್ತಾ ನಿಂತ್ರಂತೆ.

ಪತ್ರನ ಮಾರ್ಚ್ 11ಕ್ಕೆ ರಿಜಿಸ್ಟರ್ಡ್ ಪೋಸ್ಟ್ ವಿತ್ ಅಕ್ನಾಲೆಜ್‌ಮೆಂಟ್ ಮಾಡಿ, ಅದೇ ಪಿಡಿಎಫ್ ವಾಟ್ಸಾಪಿಗೂ ಹಾಕಿದ್ವಿ. ವಾಟ್ಸಾಪ್ ಚಾಟ್ ಪೂರ್ತಿ ಎಕ್ಸ್‌ಪೋರ್ಟ್ ಮಾಡಿ ಇಬ್ಬರ ಮೇಲ್‌ಗೂ ಕಳಿಸಿಕೊಂಡ್ವಿ, ಬರೀ ಸ್ಕ್ರೀನ್‌ಶಾಟ್ ನಂಬ್ಕೊಂಡು ಹಳೇ ಫೋನ್ ಮಾರಿಬಿಡ್ಬೇಡಿ, ಮುಂದೆ ಕೋರ್ಟಿಗೆ ಹೋಗೋ ಹಾಗಾದ್ರೆ ಇಂಥ ದಾಖಲೆಗೆ ಸರ್ಟಿಫಿಕೇಟ್ ಬೇಕು (ಆಗ ಎವಿಡೆನ್ಸ್ ಆಕ್ಟಿನ 65ಬಿ, 2024ರ ಜುಲೈ 1ರಿಂದ ಹೊಸ ಸಾಕ್ಷ್ಯ ಅಧಿನಿಯಮದ 63), ಮೂಲ ಫೋನು ಇದ್ರೆ ಕೆಲಸ ಸುಲಭ.

13ಕ್ಕೆ ಪೋಸ್ಟು ಮುಟ್ಟಿತು, ಸಂಜೆನೇ ಫೋನ್ ಬಂತು. ಎರಡು ತಿಂಗಳಲ್ಲಿ ಮೊದಲ ಸಲ. "ಏನಮ್ಮಾ, ಮನೆ ಮಗಳ ಥರ ನೋಡ್ಕೊಂಡಿದೀನಿ, ನನಗೇ ರಿಜಿಸ್ಟರ್ ಪೋಸ್ಟ್ ಮಾಡ್ತೀರಾ?" ತಂಗಿ ಹೆದರಿ ಸಾರಿ ಅಂಕಲ್ ಅಂದುಬಿಟ್ಲು. ಆಮೇಲೆ ಅವರು ಲೆಕ್ಕ ಹೇಳಿದ್ರು, ನೋಟೀಸ್ 2 ತಿಂಗಳದ್ದು 44,000, ಪೇಂಟಿಂಗ್ 22,000, ವಾಪಸ್ 84,000. ತಂಗಿ ಅಲ್ಲೇ ಏನೂ ಒಪ್ಪಿಕೊಳ್ಳದೆ "ಅಂಕಲ್ ಭಾನುವಾರ ಬಂದು ಮಾತಾಡ್ತೀವಿ" ಅಂದಿದ್ದೇ ದೊಡ್ಡದು. ಫೋನ್ ಇಟ್ಟ ತಕ್ಷಣ "ನೀವು ಈಗ ಹೇಳಿದ 84,000ದ ಲೆಕ್ಕ ಕೇಳಿಸಿಕೊಂಡೆ, ಭಾನುವಾರ ಕೂತು ಮಾತಾಡೋಣ" ಅಂತ ಮೆಸೇಜ್ ಹಾಕ್ಸಿದೆ, ಬಾಯಿಮಾತು ಬಾಯಲ್ಲೇ ಹೋಗಬಾರ್ದು ಅಂತ.

17ಕ್ಕೆ ನಾನೂ ಹೋದೆ. ಅವರನ್ನ ಕೆಟ್ಟೋರು ಅಂತ ನಾನು ಹೇಳಲ್ಲ. ರಿಟೈರ್ ಆದವರು, ಆ ಬಿಲ್ಡಿಂಗ್ ಮೇಲೆ ಸಾಲ ಇದೆ, ಹೊಸ ಬೋರ್ ಹೊಡೆಸೋಣ ಅಂದ್ರೆ ಲಕ್ಷಗಟ್ಟಲೆ ಖರ್ಚು, ಪಕ್ಕದ ಸೈಟಲ್ಲಿ ಸಾವಿರ ಅಡಿ ಇಳಿಸಿದ್ರೂ ಬರೀ ಧೂಳು ಬಂದಿತ್ತು. ಉತ್ತರ ಕೊಡೋಕೆ ಏನೂ ಇಲ್ಲ ಅಂತಲೇ ಉತ್ತರ ಕೊಡ್ಲಿಲ್ಲ ಅಂತ ಅವರೇ ಹೇಳಿದ್ರು. ನಾನು ಹೇಳಿದ್ದು ಇಷ್ಟೇ, ಅಂಕಲ್, ಅದನ್ನೇ ಫೆಬ್ರವರೀಲಿ ಒಂದು ಸಾಲು ಬರೆದಿದ್ರೆ ಇವರು ಆಗ್ಲೇ ಬೇರೆ ಮನೆ ನೋಡ್ಕೊತಿದ್ರು, ನಿಮಗೂ ಟೈಮ್ ಸಿಗ್ತಿತ್ತು. ಸುಮ್ಮನಾದ್ರು.

ಮಾತು ಆಮೇಲೆ ಒಂದು ಪ್ರಶ್ನೆಗೆ ಬಂದು ನಿಂತಿತು, ಏಪ್ರಿಲ್ ಬಾಡಿಗೆ ಯಾರ ತಲೆ ಮೇಲೆ. ಲಾಕ್-ಇನ್ ಪ್ರಕಾರ ಅವರು ಕೇಳಬಹುದಾದದ್ದು ಒಂದು ತಿಂಗಳು, ಅದರ ಮೇಲೆ ನೋಟೀಸ್ ತಿಂಗಳನ್ನೂ ಸೇರಿಸೋದು ಜಾಸ್ತಿ, ಕರಾರು ಕಾಯ್ದೆಯ ಸೆಕ್ಷನ್ 74 ಪ್ರಕಾರ ಕರಾರಲ್ಲಿ ಬರೆದ ಮೊತ್ತ ಎಷ್ಟೇ ಇದ್ರೂ ಸಿಗೋದು ನ್ಯಾಯವಾದ ಪರಿಹಾರ ಅಷ್ಟೇ. ಅವರ ಕಡೆ ಲಾಕ್-ಇನ್ ಸಾಲು, ನಮ್ಮ ಕಡೆ ಷೆಡ್ಯೂಲಿನ ಸಾಲು ಮತ್ತೆ ನಾಲ್ಕು ತಾರೀಖು. ಅರ್ಧ ತಿಂಗಳು, 11,000, ನಾವೇ ಹೇಳಿದ್ವಿ. ಫೆಬ್ರವರಿ ಟ್ಯಾಂಕರಿನ ಸಾವಿರ ಕೇಳೋದು ಬಿಟ್ವಿ. ಒಪ್ಪಿಕೊಂಡ್ರು. 1,50,000ದಲ್ಲಿ 22,000 ಮತ್ತೆ 11,000 ಹೋಗಿ 1,17,000. ಅವತ್ತೇ ರಾತ್ರಿ ಅದನ್ನ ಮೆಸೇಜಲ್ಲಿ ಬರೆದು ಹಾಕಿದ್ವಿ, "ಓಕೆ" ಅಂತ ಬಂತು. ಆ ಚಾಟಲ್ಲಿ ಅವರ ಮೊದಲ ಉತ್ತರ ಅದು.

ಕೀ ಕೊಡೋ ದಿನದ ಬಗ್ಗೆ ಒಂದು ಮಾತು. ಪೂರ್ತಿ ದುಡ್ಡು ಬರೋ ತನಕ ಕೀ ಕೊಡ್ಬೇಡ ಅಂತ ಎಲ್ಲರೂ ಹೇಳ್ತಾರೆ. ಆದ್ರೆ ಕೀ ನಿಮ್ಮ ಹತ್ರ ಇದ್ದಷ್ಟು ದಿನ ಮನೆ ನಿಮ್ಮ ಸ್ವಾಧೀನದಲ್ಲೇ ಇದೆ ಅಂತ ಬಾಡಿಗೆ ಏರ್ತಾ ಹೋಗುತ್ತೆ, ಕರಾರು ಮುಗಿದ ಮೇಲೆ ಮನೆ ಬಿಟ್ಟುಕೊಡೋದು ಬಾಡಿಗೆಯವರ ಕರ್ತವ್ಯ ಅಂತ ಅದೇ ಸೆಕ್ಷನ್ 108ರಲ್ಲಿ ಇದೆ. ಹೇಳಿದ ದಿನ ಕೊಡೋದು, ಅವರು ತಗೊಳ್ದೆ ಇದ್ರೆ ತಗೊಳ್ಲಿಲ್ಲ ಅಂತ ಆ ಗಂಟೇಲೇ ಬರೆದು ಕಳಿಸೋದು, ಇದು ನಾನು ಒಪ್ಪೋ ದಾರಿ. ಮಾರ್ಚ್ 31 ಭಾನುವಾರ ಅವರು ಬಂದ್ರು. ಒಂದೊಂದೇ ರೂಮ್ ನೋಡಿದ್ರು, ಫ್ಯಾನು, ಲೈಟು, ಗೀಸರು, ಕಿಟಕಿ ಚಿಲಕ. ಬಾತ್‌ರೂಮ್ ನಲ್ಲಿಗಳನ್ನ ತಿರುಗಿಸಿ ನೋಡೋಣ ಅಂದ್ರು, ಒಂದರಲ್ಲೂ ನೀರು ಬರ್ಲಿಲ್ಲ, ಹಾಗಾಗಿ ಪಟ್ಟೀಲಿ "ನಲ್ಲಿ 5, ನೀರಿಲ್ಲದ ಕಾರಣ ಪರೀಕ್ಷಿಸಿಲ್ಲ" ಅಂತ ಬರೆದು ಇಬ್ಬರೂ ಸೈನ್ ಹಾಕಿದ್ರು. ಮೀಟರ್ ಫೋಟೋ, ಮೂರು ಸೆಟ್ ಕೀ, ಎಲ್ಲ ಅದೇ ಹಾಳೇಲಿ. 50,000 ಅಲ್ಲೇ ಹಾಕಿದ್ರು, ಉಳಿದ 67,000 ಏಪ್ರಿಲ್ 10ಕ್ಕೆ ಅಂತ ಅದರ ಕೆಳಗೇ ಅವರ ಕೈಲೇ ಬರೆಸಿಕೊಂಡ್ವಿ.

ಯುಗಾದಿ ಏಪ್ರಿಲ್ 9ಕ್ಕಿತ್ತು, ತಂಗಿ ಹೊಸ ಮನೇಲಿ ಮಾಡಿದ್ಲು. ಈ ಸಲ ಮನೆ ಹಿಡಿಯೋ ಮುಂಚೆ ಜಲಮಂಡಳಿ ಬಿಲ್ ಕೇಳಿ ನೋಡಿದ್ಲು, ಪಕ್ಕದ ಮನೆಯವರನ್ನ ಕಾವೇರಿ ಯಾವ ದಿನ ಬಿಡ್ತಾರೆ ಅಂತ ವಿಚಾರಿಸಿದ್ಲು. 10ಕ್ಕೆ ದುಡ್ಡು ಬರ್ಲಿಲ್ಲ, 15ಕ್ಕೆ ಆ ಹಾಳೆ ಫೋಟೋ ಹಾಕಿ ಒಂದು ಸಾಲು ನೆನಪಿಸಿದ್ಲು, 19ಕ್ಕೆ 67,000 ಬಂತು. ಬಂದ ತಕ್ಷಣ "ಪೂರ್ತಿ ಸೆಟಲ್ ಆಯ್ತು ಅಂಕಲ್, ಥ್ಯಾಂಕ್ಸ್" ಅಂತ ಹಾಕಿದ್ಲು, ಅವರಿಗೂ ಆ ಸಾಲು ಕೈಲಿ ಇರ್ಬೇಕಲ್ಲ.